ಹಳದಿ ಬಣ್ಣದ ಸೆಲ್‌ಗಳು

ನಮ್ಮ ಅಕೌಂಟ್ಸ್ ವಿಭಾಗಕ್ಕೆ ಇಬ್ಬರು ಬೇಕಾಗಿದ್ದರು. ಸಂದರ್ಶನಕ್ಕೆ ಕರೆದ ಐದೂ ಜನರ ಇಮೇಲ್‌ನಲ್ಲಿ ಒಂದು ಸಾಲು ಸೇರಿಸಿದ್ದೆ: "ಪರೀಕ್ಷೆಗೆ, ಸಂದರ್ಶನಕ್ಕೆ ನಿಮಗೇನಾದರೂ ವ್ಯವಸ್ಥೆ ಬೇಕಿದ್ದರೆ ತಿಳಿಸಿ." ಒಬ್ಬರು ಉತ್ತರ ಬರೆದರು. ತನಗೆ ಕಣ್ಣು ಕಾಣುವುದಿಲ್ಲ, ಎನ್‌ವಿಡಿಎ ಬಳಸುತ್ತೇನೆ, ಸ್ವಂತ ಲ್ಯಾಪ್‌ಟಾಪ್ ತರಬಹುದೇ ಎಂದು ಕೇಳಿದ್ದರು. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದು, ಉಚಿತವಾಗಿ ಸಿಗುತ್ತದೆ.

ತರಬಹುದು ಎಂದು ಹೇಳಿ, ಪರೀಕ್ಷೆಯ ಸೂಚನೆಗಳ ಪಿಡಿಎಫ್ ಕಳಿಸಿದೆ. ಅರ್ಧ ಗಂಟೆಯಲ್ಲೇ ಫೋನ್ ಬಂತು. "ಸರ್, ಫೈಲ್ ಬಂದಿದೆ. ಆದ್ರೆ ಬ್ಲ್ಯಾಂಕ್ ಅಂತಿದೆ." ನಾನು ಕಳಿಸಿದ್ದು ಸ್ಕ್ಯಾನ್ ಮಾಡಿದ ಹಾಳೆ. ನಮ್ಮ ಕಣ್ಣಿಗೆ ಅಕ್ಷರ, ಸ್ಕ್ರೀನ್ ರೀಡರ್‌ಗೆ ಬರೀ ಒಂದು ಚಿತ್ರ. ಇದು ಪರೀಕ್ಷೆಯ ದಿನವೇ ಆಗಿದ್ದರೆ ತಪ್ಪು ಅವರ ತಲೆಗೇ ಬರುತ್ತಿತ್ತು, ಅಲ್ವಾ?

ಆ ಸಂಜೆ ನಾನೇ ಎನ್‌ವಿಡಿಎ ಹಾಕಿಕೊಂಡು, ಮಾನಿಟರ್ ಆಫ್ ಮಾಡಿ, ನಮ್ಮ ಎಕ್ಸೆಲ್ ಪರೀಕ್ಷೆ ತೆರೆದೆ. ಖರೀದಿ ರಿಜಿಸ್ಟರನ್ನು, ಮಾರಿದವರು ಜಿಎಸ್‌ಟಿಗೆ ಸಲ್ಲಿಸಿದ ಬಿಲ್‌ಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ಹೊಂದದ ಬಿಲ್ ಹುಡುಕುವ ಕೆಲಸ. ಬಾಣದ ಕೀ ಒತ್ತುತ್ತಾ ಹೋದರೆ ಸೆಲ್‌ನಲ್ಲಿರುವುದನ್ನು, ಆಮೇಲೆ 'ಬಿ 7', 'ಸಿ 7' ಅಂತ ಜಾಗವನ್ನು ಹೇಳುತ್ತದೆ. ತಲೆಬರಹದ ಸಾಲಿನಲ್ಲಿ ಮೂರು ಸೆಲ್ ಸೇರಿಸಿ ಒಂದು ಮಾಡಿದ್ದೆವು. ಅಲ್ಲಿ ಯಾವ ಕಾಲಂನಲ್ಲಿದ್ದೇನೆ ಅನ್ನುವುದೇ ತಪ್ಪಿಹೋಯಿತು. ಮೂರನೇ ಪ್ರಶ್ನೆ 'ಹಳದಿ ಬಣ್ಣದ ಸೆಲ್‌ಗಳನ್ನು ಪರಿಶೀಲಿಸಿ' ಎಂದಿತ್ತು. ಎನ್‌ವಿಡಿಎ ಬಣ್ಣದ ವಿಷಯ ತಾನಾಗಿ ಹೇಳುವುದಿಲ್ಲ.

ಸರಿ, ಸೆಲ್‌ಗಳನ್ನು ಬಿಡಿಸಿದೆ. ಬಣ್ಣದ ಬದಲು 'ಪರಿಶೀಲಿಸಿ' ಎಂದು ಬರೆದ ಒಂದು ಕಾಲಂ ಹಾಕಿದೆ. ಬಿಲ್‌ಗಳು, ಮೊತ್ತ, ಒಳಗಿಟ್ಟ ತಪ್ಪುಗಳು ಯಾವುದನ್ನೂ ಮುಟ್ಟಲಿಲ್ಲ. ಪ್ರಶ್ನೆ ಸುಲಭ ಮಾಡಿದರೆ ಅವರಿಗೂ ಅನ್ಯಾಯ, ಉಳಿದ ನಾಲ್ವರಿಗೂ ಅನ್ಯಾಯ. ಐವರಿಗೂ ಇದೇ ಫೈಲ್ ಕೊಟ್ಟೆವು. ಎರಡು ದಿನ ಮುಂಚೆ ಇದೇ ನಮೂನೆಯ ಒಂದು ಸ್ಯಾಂಪಲ್ ಕಳಿಸಿ, ಸರಿಯಾಗಿ ಓದುತ್ತಿದೆಯೇ ಎಂದು ಅವರನ್ನೇ ಕೇಳಿದೆ.

ಸಮಯದ ವಿಷಯದಲ್ಲಿ ನಮ್ಮಲ್ಲೇ ಚರ್ಚೆಯಾಯಿತು. ಸರ್ಕಾರಿ ಪರೀಕ್ಷೆಗಳ ಮಾರ್ಗಸೂಚಿಯಲ್ಲಿ ಕಣ್ಣು ಕಾಣದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವಿದೆ. ಅದನ್ನೇ ಹಿಡಿದು 60 ನಿಮಿಷದ ಪರೀಕ್ಷೆಗೆ ಅವರಿಗೆ 80 ನಿಮಿಷ ಕೊಟ್ಟೆ. "ಜಾಸ್ತಿ ಟೈಮ್ ಕೊಟ್ಟರೆ ಹೋಲಿಸೋದು ಹೇಗೆ?" ಅಂದರು ನಮ್ಮ ಸೀನಿಯರ್ ಅಕೌಂಟೆಂಟ್. ನಮ್ಮ ಕೆಲಸಕ್ಕೆ ಬೇಕಿರುವುದು ತಪ್ಪು ಬಿಲ್ ಹಿಡಿಯುವ ಸಾಮರ್ಥ್ಯ, ಗಡಿಯಾರದ ಓಟವಲ್ಲ ಎಂದೆ. ಪ್ರತಿ ನಿಮಿಷಕ್ಕೂ ಲೆಕ್ಕವಿರುವ ಕೆಲಸವಾಗಿದ್ದರೆ ನಾನೂ ಬೇರೆ ರೀತಿ ಯೋಚಿಸಬೇಕಾಗುತ್ತಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಕೊಡಬಹುದಾದ ಇಂಥ ಹೊಂದಾಣಿಕೆಯನ್ನು ನಿರಾಕರಿಸುವುದನ್ನೂ ತಾರತಮ್ಯ ಎಂದೇ ಹೇಳಿದ್ದಾರೆ.

ಸಂದರ್ಶನದ ದಿನ ಅವರ ಜೊತೆ ಅಣ್ಣ ಬಂದಿದ್ದರು. ನಮ್ಮವರೊಬ್ಬರು ಅಣ್ಣನ ಕಡೆ ತಿರುಗಿ "ಇವರು ಎಲ್ಲಿ ಕೂತ್ಕೋತಾರೆ?" ಅಂದುಬಿಟ್ಟರು. ನಾನು ಅಭ್ಯರ್ಥಿಯನ್ನೇ ಕೇಳಿದೆ. "ನಿಮ್ಮ ಮೊಣಕೈ ಹಿಡ್ಕೋತೀನಿ ಸರ್" ಎಂದು ನಡೆದು ಬಂದರು. ಕುರ್ಚಿಯ ಬೆನ್ನಿನ ಮೇಲೆ ಅವರ ಕೈ ಇರಿಸಿದೆ, ತಾವೇ ಕುಳಿತರು. ನಾವು ಮೂವರೂ ಹೆಸರು, ಹುದ್ದೆ ಹೇಳಿಕೊಂಡೆವು, ಇದರಿಂದ ಯಾರ ದನಿ ಎಲ್ಲಿಂದ ಬರುತ್ತಿದೆ ಎಂದು ಅವರಿಗೆ ಗೊತ್ತಾಯಿತು.

ಕಣ್ಣಿಗೆ ಏನಾಯಿತು, ಆಫೀಸಿಗೆ ಒಬ್ಬರೇ ಹೇಗೆ ಬರುತ್ತೀರಿ ಎಂದು ಯಾರೂ ಕೇಳಬಾರದು ಅಂತ ಮೊದಲೇ ಮಾತಾಗಿತ್ತು. ಕೆಲಸದ ಬಗ್ಗೆ ಮಾತ್ರ ನೇರವಾಗಿ ಕೇಳಿದೆವು: "ಕಾಗದದ ಬಿಲ್ ಬಂದರೆ ಏನು ಮಾಡ್ತೀರಿ?" ಅಚ್ಚಾದ ಬಿಲ್ ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಒಸಿಆರ್‌ನಲ್ಲಿ ಓದಿಸುತ್ತೇನೆ, ಕೈಬರಹದ್ದು ನಂಬುವ ಹಾಗೆ ಓದಲು ಬರುವುದಿಲ್ಲ, ಅದಕ್ಕೆ ಇನ್ನೊಬ್ಬರು ಬೇಕು ಎಂದರು.

ಅಂಕ ಹಾಕುವಾಗ ಇನ್ನೊಂದು ಸಿಕ್ಕಿತು. ನಾವು ಮಾತಾಡಿಕೊಳ್ಳುವ ಮೊದಲೇ ಬೇರೆ ಬೇರೆಯಾಗಿ ಅಂಕ ಬರೆಯುವುದು ರೂಢಿ. ನಮ್ಮವರೊಬ್ಬರು 'ಸಂವಹನ'ಕ್ಕೆ ಐದರಲ್ಲಿ ಎರಡು ಕೊಟ್ಟಿದ್ದರು. ಯಾಕೆ ಎಂದು ಕೇಳಿದರೆ ಹಾಳೆ ತೋರಿಸಿದರು. ಅಲ್ಲಿ 'ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುತ್ತಾರೆಯೇ?' ಎಂದಿತ್ತು. ಆ ಹಾಳೆ ಮಾಡಿದ್ದು ನಾನೇ, ವರ್ಷಗಳ ಹಿಂದೆ. ಆ ಸಾಲು ಹೊಡೆದುಹಾಕಿ, ಐವರಿಗೂ 'ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟರೇ?' ಎಂಬುದಕ್ಕೆ ಮಾತ್ರ ಮತ್ತೆ ಅಂಕ ಹಾಕಿದೆವು.

ಒಟ್ಟು ಅಂಕದಲ್ಲಿ ಅವರು ಎರಡನೆಯವರು. ಇಬ್ಬರನ್ನು ತೆಗೆದುಕೊಂಡೆವು, ಅವರಲ್ಲಿ ಅವರೂ ಒಬ್ಬರು. ಕೈಬರಹದ ಬಿಲ್‌ಗಳನ್ನು ಈಗ ಪಕ್ಕದ ಮೇಜಿನ ಹುಡುಗ ಟೈಪ್ ಮಾಡಿಕೊಡುತ್ತಾನೆ. ಅವನ ಪಾಲಿನ ಬ್ಯಾಂಕ್ ತಾಳೆಯ ಕೆಲಸ ಇವರು ಮಾಡುತ್ತಾರೆ.