‘ನಿಲ್ಲು’ ಮತ್ತು ಅದರ ಬಳಗ: ಹಿಂದಿ ಮಾತಾಡುವವರಿಗೆ ಕನ್ನಡ ಪದ ಕಲಿಸಿದ ನನ್ನ ಅನುಭವ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಶನಿವಾರ, ಭಾನುವಾರ ಕನ್ನಡ ಕಲಿಸುತ್ತೇನೆ. ಬರುವವರು ಹೆಚ್ಚಾಗಿ ಹಿಂದಿ ಮನೆಮಾತಿನವರು. ಪದಗಳ ಪಟ್ಟಿ ಕೊಟ್ಟರೆ ಚೆನ್ನಾಗಿಯೇ ಬಾಯಿಪಾಠ ಮಾಡುತ್ತಾರೆ. ಆದರೆ ಆಟೋದಲ್ಲಿ ಕೂತಾಗ ಆ ಪದ ನಾಲಿಗೆಗೆ ಬರುವುದಿಲ್ಲ. ಅದಕ್ಕೇ ನಾನು ಪಟ್ಟಿ ಕೊಡುವುದಿಲ್ಲ. ‘ನಿಲ್ಲು’ ಅನ್ನುವ ಒಂದೇ ಪದವನ್ನು ಹೇಗೆ ಕಲಿಸುತ್ತೇನೆ ಅಂತ ಇಲ್ಲಿ ಬರೆಯುತ್ತೇನೆ.

ಮೊದಲು ಸನ್ನಿವೇಶ. ‘ನಾನು ನಿಲ್ಲಿಸಿದೆ’ ಅನ್ನುವ ವಾಕ್ಯದಿಂದ ಯಾರಿಗೂ ಏನೂ ಹೊಳೆಯುವುದಿಲ್ಲ. ಹಾಗಾಗಿ ಹೀಗೆ ಹೇಳುತ್ತೇನೆ: ‘ಆಟೋ ಹೋಗ್ತಾ ಇದೆ. ನನ್ನ ಮನೆ ಬಂತು. ಅಣ್ಣ, ಇಲ್ಲೇ ನಿಲ್ಲಿಸಿ.’ ಇದರಲ್ಲಿ ಕೊನೆಯ ಪದ ಬಿಟ್ಟು ಉಳಿದದ್ದೆಲ್ಲ ಅವರಿಗೆ ಆಗಲೇ ಗೊತ್ತು. ಗೊತ್ತಿಲ್ಲದ ಪದ ಎರಡಾದರೆ ಊಹೆ ದಾರಿ ತಪ್ಪುತ್ತದೆ. ಅರ್ಥವನ್ನು ಅವರೇ ಹೇಳಲಿ ಅಂತ ಕಾಯುತ್ತೇನೆ, ಹೇಳಿದ ಮೇಲೆ ಹಿಂದಿಯಲ್ಲಿ ಒಮ್ಮೆ ಖಚಿತ ಮಾಡುತ್ತೇನೆ. ಈ ಖಚಿತ ಮಾಡುವುದನ್ನು ಬಿಡಬಾರದು. ಯಾಕೆಂದರೆ ಇದೇ ವಾಕ್ಯ ಕೇಳಿ ‘ನಿಲ್ಲಿಸಿ’ ಅಂದರೆ ‘ಇಳಿಸಿ’ ಅಂತ ಅಂದುಕೊಳ್ಳುವವರೂ ಇರುತ್ತಾರೆ. ಆ ಊಹೆಯೂ ಅಲ್ಲಿ ಸರಿಯಾಗಿಯೇ ಕೂರುತ್ತದೆ, ಅಲ್ವಾ?

ಆಮೇಲೆ ಬಳಗ. ಹಿಂದಿಯವರಿಗೆ ಇಲ್ಲಿ ಒಂದು ಅನುಕೂಲ ಇದೆ. ತಾನೇ ನಿಲ್ಲುವ ‘ರುಕ್‌ನಾ’, ಇನ್ನೊಂದನ್ನು ನಿಲ್ಲಿಸುವ ‘ರೋಕ್‌ನಾ’ ಬೇರೆ ಬೇರೆ ಅನ್ನುವುದು ಅವರಿಗೆ ಹುಟ್ಟಿನಿಂದಲೇ ಗೊತ್ತು. ಕನ್ನಡದಲ್ಲಿ ಆ ಕೆಲಸವನ್ನು ‘ಇಸು’ ಮಾಡುತ್ತದೆ: ನಿಲ್ಲು, ನಿಲ್ಲಿಸು, ಓದು, ಓದಿಸು, ಇಳಿ, ಇಳಿಸು. ನಾನು ಜಾಣತನದಿಂದ ‘ಇಸು’ ರೂಪವನ್ನೇ ಮೊದಲು ಹಿಡಿಸುತ್ತೇನೆ. ನಿಲ್ಲಿಸಿದೆ, ಓದಿಸಿದೆ, ಇಳಿಸಿದೆ ಅಂತ ಭೂತಕಾಲದಲ್ಲಿ ಎಲ್ಲವೂ ಒಂದೇ ದಾರಿ ಹಿಡಿಯುತ್ತವೆ. ಕಷ್ಟ ಇರುವುದು ಮೂಲ ಪದದಲ್ಲಿ. ‘ಬಸ್ ನಿಲ್ಲಿತು’ ಅಂತ ಹೊಸಬರು ಹೇಳಿಯೇ ಹೇಳುತ್ತಾರೆ. ‘ನಿಂತಿತು’ ಈ ಬಳಗದ್ದೇ ಆದರೂ ನೋಡಿದರೆ ಹಾಗೆ ಕಾಣುವುದಿಲ್ಲ. ಅದನ್ನು ನಿಯಮದಿಂದ ತೆಗೆಯಲು ಹೋಗದೆ, ಹೊಸ ಪದ ಅಂತಲೇ ಬೇರೆ ಚೀಟಿಯಲ್ಲಿ ಬರೆಸುತ್ತೇನೆ.

ನಾಮಪದಗಳನ್ನು ಊರೇ ಕಲಿಸುತ್ತದೆ. ಮೆಟ್ರೋದಲ್ಲಿ ‘ಮುಂದಿನ ನಿಲ್ದಾಣ’ ಅಂತ ದಿನಾ ಕೇಳುತ್ತಾರೆ. ಗೋಡೆಗಳ ಮೇಲೆ ‘ವಾಹನ ನಿಲುಗಡೆ’ ಕಾಣುತ್ತದೆ. ಇವೆರಡನ್ನೂ ಗುರುತಿಸಿದರೆ ಸಾಕು, ಬಾಯಲ್ಲಿ ಹೇಳಲೇಬೇಕು ಅಂತ ಒತ್ತಾಯ ಮಾಡುವುದಿಲ್ಲ. ಆದರೆ ಬಳಗವನ್ನು ಅವರೇ ಕಟ್ಟುತ್ತಾ ಹೋಗಲು ಬಿಡಬಾರದು. ಓಡು–ಓಟ, ಆಡು–ಆಟ, ನೋಡು–ನೋಟ ಕಲಿತವರು ಮಾಡು–ಮಾಟ ಅಂದುಬಿಡುತ್ತಾರೆ. ‘ಆಫೀಸಲ್ಲಿ ಮಾಟ ಜಾಸ್ತಿ’ ಅಂದರೆ ಕೇಳಿದವರು ಗಾಬರಿಯಾಗುತ್ತಾರೆ!

ಇನ್ನೊಂದು ಎಚ್ಚರಿಕೆ: ಹತ್ತು–ಇಳಿ, ಎಡ–ಬಲದಂಥ ಜೋಡಿಗಳನ್ನು ಒಂದೇ ದಿನ ಕಲಿಸುವುದಿಲ್ಲ. ಎರಡೂ ಹೊಸದಾಗಿದ್ದರೆ ಯಾವುದು ಯಾವುದು ಅಂತ ಗೊಂದಲವಾಗುತ್ತದೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಇನ್ನು ಅಂತರ ಬಿಟ್ಟು ನೆನಪಿಸುವುದು. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬೇಗ ಜಾರುತ್ತದೆ, ಆಮೇಲೆ ನಿಧಾನವಾಗಿ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹಾಸ್ 1885ರಲ್ಲೇ ತೋರಿಸಿದ್ದರು. ಹಾಗಾಗಿ ಮೊದಲ ಮರುಪ್ರಶ್ನೆ ತರಗತಿ ಮುಗಿಯುವ ಮುಂಚೆಯೇ ಬರುತ್ತದೆ. ಎರಡನೆಯದು ಮಾರನೇ ದಿನ, ವಾಟ್ಸಾಪ್‌ನಲ್ಲಿ ನನ್ನ ಧ್ವನಿ ಸಂದೇಶ, ಅವರದೂ ಧ್ವನಿಯಲ್ಲೇ ಉತ್ತರ. ಆಮೇಲೆ ಮೂರ್ನಾಲ್ಕು ದಿನ, ಒಂದು ವಾರ, ಮೂರು ವಾರ. ಚೀಟಿಗಳನ್ನು ಐದು ಖಾನೆಯ ಡಬ್ಬದಲ್ಲಿ ಇಡುತ್ತಾರೆ. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಚೀಟಿಯ ಮೇಲೆ ಹಿಂದಿ ಅರ್ಥ ಇರುವುದಿಲ್ಲ, ಖಾಲಿ ಜಾಗ ಬಿಟ್ಟ ವಾಕ್ಯ ಇರುತ್ತದೆ: ‘ಸಿಗ್ನಲ್ ಕೆಂಪಾಯ್ತು, ಗಾಡಿ ______.’

ಇಲ್ಲಿ ಮೋಸ ಹೋಗುವ ಜಾಗವೂ ಒಂದಿದೆ. ವಾಕ್ಯ ಓದಿ ಮುಗಿಸುವ ಮುಂಚೆಯೇ ಉತ್ತರ ಬಂದರೆ, ಅವರಿಗೆ ನೆನಪಿರುವುದು ಪದ ಅಲ್ಲ, ಆ ಚೀಟಿ. ಆಗ ವಾಕ್ಯ ಬದಲಿಸಬೇಕು. ಮೂರನೇ ಖಾನೆಗೆ ಬರುವಷ್ಟರಲ್ಲಿ ನಾನು ಹೊಸ ವಾಕ್ಯ ಬರೆಸುತ್ತೇನೆ: ‘ಫ್ಯಾನ್ ಶಬ್ದ ಮಾಡ್ತಿದೆ, ಸ್ವಲ್ಪ ______.’ ಆಟೋ ಹೋಗಿ ಫ್ಯಾನ್ ಬಂದ ಕೂಡಲೇ ಅರ್ಧ ಜನ ತಡವರಿಸುತ್ತಾರೆ. ತಡವರಿಸಿ ಹುಡುಕಿ ತೆಗೆದ ಪದವೇ ಚೆನ್ನಾಗಿ ಉಳಿಯುತ್ತದೆ, ಹಾಗಾಗಿ ನಾನು ಬೇಗ ಹೇಳಿಕೊಡುವುದಿಲ್ಲ.

ನಾನು ಹೇಳಿಕೊಡದ ಕಡೆ ಆ ಪದ ಬಳಸಿದಾಗ ಮಾತ್ರ ಚೀಟಿಯನ್ನು ಡಬ್ಬದಿಂದ ತೆಗೆಸುತ್ತೇನೆ. ತರಗತಿ ಮುಗಿದು ಹೊರಡುವಾಗ ಯಾರೋ ಒಬ್ಬರು ‘ಮಳೆ ನಿಂತ ಮೇಲೆ ಹೋಗ್ತೀನಿ’ ಅಂದರೆ ಅವರ ಮಟ್ಟಿಗೆ ‘ನಿಂತ’ ಮುಗಿಯಿತು. ‘ನಿಲುವು’ ಅನ್ನುವ ಪದವನ್ನು ಅವರಿಗೆ ಮುಂದಿನ ವಾರ, ಪತ್ರಿಕೆಯ ಒಂದು ಸಾಲಿನ ಜೊತೆ ಕೊಡುತ್ತೇನೆ.