ಗುಡ್ಡೆಯಲ್ಲಿ ಯಂತ್ರ ಬರೆದದ್ದೆಷ್ಟು? ಪದ ಎಣಿಸಿ ನೋಡಿ

ಬ್ಯಾಡಗಿ ಮೆಣಸಿನಕಾಯಿಗೆ ಗುಂಟೂರಿನದನ್ನು ಬೆರೆಸಿ ಪುಡಿ ಮಾಡಿದ ಮೇಲೆ ಯಾವ ಚಿಟಿಕೆ ಯಾವ ಕಾಯಿಯದು ಎಂದು ಹೇಳಲು ಆಗುವುದಿಲ್ಲ. ಆದರೆ ಖಾರ ಎಷ್ಟು ಏರಿದೆ ಎಂಬುದರಿಂದ ಎಷ್ಟು ಬೆರೆಸಿದ್ದಾರೆ ಎಂದು ಅಂದಾಜು ಮಾಡಬಹುದು. ಬರಹದ ಗುಡ್ಡೆಗೂ ಇದೇ ಲೆಕ್ಕ: ಯಾವ ಬರಹ ಯಾರದು ಎಂದು ಹೇಳಲಾಗದಿದ್ದರೂ, ಒಟ್ಟು ಗುಡ್ಡೆಯಲ್ಲಿ ಚಾಟ್‌ಜಿಪಿಟಿಯಂಥ ಎಐ ಯಂತ್ರ ಬರೆದ ಪಾಲೆಷ್ಟು ಎಂದು ಅಂದಾಜು ಮಾಡಬಹುದು.

ಧಾರವಾಡದ ಒಂದು ಕಾಲೇಜಿನಲ್ಲಿ ಈ ವರ್ಷದ 500 ಇಂಗ್ಲಿಷ್ ಪ್ರಾಜೆಕ್ಟ್ ವರದಿಗಳಿವೆ ಎಂದುಕೊಳ್ಳಿ. ಮೊದಲು ಹಳೆಯ ವರದಿಗಳನ್ನು ಕಪಾಟಿನಿಂದ ಇಳಿಸಿ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ರಂದು. ಅದಕ್ಕಿಂತ ಹಿಂದಿನವು ಮನುಷ್ಯರೇ ಬರೆದವು ಎಂದು ನಂಬಬಹುದು. ಆಮೇಲೆ ಅವೇ ವಿಷಯಗಳನ್ನು ಯಂತ್ರಕ್ಕೆ ಕೊಟ್ಟು ಇನ್ನೊಂದು ಗುಡ್ಡೆ ಬರೆಸಿ.

ಈಗ ಎರಡರಲ್ಲೂ ಪದ ಹುಡುಕಿ. ಯಂತ್ರಕ್ಕೆ ಪ್ರಿಯವಾದ, ಮನುಷ್ಯರು ಅಪರೂಪಕ್ಕೆ ಬಳಸುವ ಪದಗಳು ಬೇಕು: ‘ಡೆಲ್ವ್’, ‘ಇಂಟ್ರಿಕೇಟ್’, ‘ಮೆಟಿಕ್ಯುಲಸ್’ ಇಂಥವು. ವಿಷಯದ ಪದ ಬೇಡ. ಕೊರೊನಾ ಬಂದಾಗ ‘ಪ್ಯಾಂಡೆಮಿಕ್’ ಎಲ್ಲೆಲ್ಲೂ ಏರಿತು, ಅದನ್ನು ಯಂತ್ರವೇನೂ ತಂದಿರಲಿಲ್ಲ ಅಲ್ವಾ?

ಪದ ಎಷ್ಟು ಸಲ ಬಂತು ಎಂದಲ್ಲ, ಎಷ್ಟು ವರದಿಗಳಲ್ಲಿ ಬಂತು ಎಂದು ಎಣಿಸಿ. ಇಲ್ಲದಿದ್ದರೆ ಒಂದೇ ಪದಕ್ಕೆ ಜೋತುಬಿದ್ದ ಒಬ್ಬನಿಂದ ಲೆಕ್ಕವೆಲ್ಲ ಕೆಡುತ್ತದೆ. ಆರಿಸಿದ ಪದಗಳಲ್ಲಿ ಒಂದಾದರೂ ಇರುವ ವರದಿಗಳು ಹಳೆಯ ಗುಡ್ಡೆಯಲ್ಲಿ ನೂರಕ್ಕೆ 4, ಯಂತ್ರದ ಗುಡ್ಡೆಯಲ್ಲಿ 44, ಈ ವರ್ಷದವುಗಳಲ್ಲಿ 12 ಎಂದಿಟ್ಟುಕೊಳ್ಳಿ.

```
(12 - 4) / (44 - 4) = 0.20
```

ಎಲ್ಲವೂ ಯಂತ್ರದ್ದೇ ಆಗಿದ್ದರೆ 4ರ ಮೇಲೆ 40 ಏರಬೇಕಿತ್ತು, ಏರಿದ್ದು 8. ಅಂದರೆ ಐದರಲ್ಲಿ ಒಂದು ಪಾಲು ಯಂತ್ರದ್ದು. ಆದರೆ 12 ಎಂಬ ಅಂಕಿ ಬರೀ ಆಕಸ್ಮಿಕದಿಂದಲೇ ಸುಮಾರು 3ರಷ್ಟು ಹೆಚ್ಚುಕಡಿಮೆ ಆಗಬಹುದು. ಹಾಗಾಗಿ ‘ನೂರಕ್ಕೆ ಸುಮಾರು 13ರಿಂದ 27’ ಎನ್ನುವುದೇ ಪ್ರಾಮಾಣಿಕ ಉತ್ತರ. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು 2024ರಲ್ಲಿ ಇದೇ ಜಾಡಿನಲ್ಲಿ, ಇನ್ನೂ ಸೂಕ್ಷ್ಮ ಗಣಿತದಿಂದ, ಎಐ ಸಮ್ಮೇಳನಗಳಿಗೆ ಬಂದ ಪ್ರಬಂಧಗಳ ವಿಮರ್ಶಾ ವರದಿಗಳನ್ನು ಅಳೆದರು. ಯಂತ್ರ ಬರೆದ ಅಥವಾ ಬಹಳಷ್ಟು ತಿದ್ದಿದ ಪಾಲು ಸಮ್ಮೇಳನದಿಂದ ಸಮ್ಮೇಳನಕ್ಕೆ ಬೇರೆ ಬೇರೆ, ಶೇಕಡಾ 6.5ರಿಂದ 16.9ರವರೆಗೆ ಇರಬಹುದು ಎಂದು ಅವರು ಅಂದಾಜಿಸಿದರು.

ಲೆಕ್ಕ ನಂಬುವ ಮೊದಲು ಎರಡು ಪರೀಕ್ಷೆ ಮಾಡಿ. 2021ರ ವರದಿಗಳನ್ನೇ ಹೊಸದೆಂದು ತೋರಿಸಿ, ಉತ್ತರ ಸೊನ್ನೆಯ ಹತ್ತಿರ ಬರಬೇಕು. ಆಮೇಲೆ 400 ಹಳೆಯ ವರದಿಗೆ ಯಂತ್ರದ 100 ಬೆರೆಸಿ, 20ರ ಆಸುಪಾಸು ಬರಬೇಕು. ಪದ ಆರಿಸಲು ಬಳಸಿದ ವರದಿಗಳನ್ನೇ ಪರೀಕ್ಷೆಗೂ ಹಾಕಬೇಡಿ, ಫಲಿತಾಂಶ ಸುಮ್ನೆ ಚೆಂದ ಕಾಣುತ್ತದೆ ಅಷ್ಟೇ. ಪದಗಳ ಪಟ್ಟಿಯೂ ಹಳಸುತ್ತದೆ. ಯಂತ್ರದ ಹೊಸ ಆವೃತ್ತಿ ಬೇರೆ ಪದ ಹಿಡಿಯುತ್ತದೆ, ಹುಡುಗರು ಗುರುತಾದ ಪದಗಳನ್ನು ಅಳಿಸುತ್ತಾರೆ. ಆಗ ಉತ್ತರ ನಿಜಕ್ಕಿಂತ ಕಡಿಮೆ ಬರುತ್ತದೆ.

ಇಷ್ಟಾದ ಮೇಲೆ ಯಾರಾದರೂ ‘ಹೆಸರು ಹೇಳಿ’ ಎಂದು ಕೇಳಿಯೇ ಕೇಳುತ್ತಾರೆ. ಹೇಳಬೇಡಿ. 500ರಲ್ಲಿ ಆ ಪದಗಳಿರುವ ವರದಿಗಳು 60. ಅಂದಾಜು ಸರಿಯಿದ್ದರೆ ಅವುಗಳಲ್ಲಿ 44 ಯಂತ್ರದವು, 16 ತಾವೇ ಕೂತು ಬರೆದ ಹುಡುಗರವು. ಯಂತ್ರ ಬರೆದ ಇನ್ನೂ 56 ವರದಿಗಳಲ್ಲಿ ಆ ಪದಗಳೇ ಇಲ್ಲ. ಅವು ಉಳಿದ ಗುಡ್ಡೆಯಲ್ಲಿ ತಣ್ಣಗೆ ಕೂತಿವೆ.