ಮೂಸಂಬಿಗೆ ಕಣ್ಣು ಕಸಿ: ಚಾಕು ಹಿಡಿಯುವ ಮುನ್ನ ಬೇರುಸಸಿಯ ಆಯ್ಕೆ

ಕಸಿ ಕಲಿಯಲು ಬರುವ ತೋಟಗಾರಿಕೆ ವಿದ್ಯಾರ್ಥಿಗಳ ಗಮನವೆಲ್ಲ ಚಾಕು ಹಿಡಿದ ಕೈಯ ಮೇಲಿರುತ್ತದೆ. ಆದರೆ ಮೂಸಂಬಿ ಗಿಡದ ಭವಿಷ್ಯ ಬಹುಮಟ್ಟಿಗೆ ನಿರ್ಧಾರವಾಗುವುದು ಅದಕ್ಕೂ ಎಷ್ಟೋ ತಿಂಗಳು ಮೊದಲು, ಕಸಿ ಗಿಡಕ್ಕೆ ಬೇರು ಒದಗಿಸುವ ಬೇರುಸಸಿಗಾಗಿ ಯಾವ ಬೀಜ ಬಿತ್ತಬೇಕೆಂದು ಆರಿಸುವಾಗ.

ಇದನ್ನು ಜಗತ್ತಿಗೆ ಕಲಿಸಿದ್ದು ಹುಳಿ ಕಿತ್ತಳೆಯ ಬೇರುಸಸಿ. ಬುಡ ಕೊಳೆಸುವ, ಶಿಲೀಂಧ್ರವನ್ನು ಹೋಲುವ ಫೈಟಾಫ್ತೊರಾ ರೋಗಾಣುವನ್ನು ಅದು ಚೆನ್ನಾಗಿ ತಡೆಯುತ್ತಿತ್ತು, ಅದರ ಮೇಲೆ ಬೆಳೆದ ಹಣ್ಣಿನ ಗುಣಮಟ್ಟವೂ ಉತ್ತಮವಾಗಿತ್ತು. ಆದರೆ 1930 ಮತ್ತು 1940ರ ದಶಕಗಳಲ್ಲಿ ಬ್ರೆಜಿಲ್ ಹಾಗೂ ಅರ್ಜೆಂಟೀನಾದಲ್ಲಿ ಆ ಬೇರಿನ ಮೇಲಿದ್ದ ಲಕ್ಷಾಂತರ ಮೂಸಂಬಿ ಮರಗಳು ಸೊರಗಿ ಸತ್ತವು. ಗಿಡಹೇನುಗಳು ಹರಡುವ ಈ ವೈರಸ್ ರೋಗಕ್ಕೆ ದುಃಖ ಎಂಬ ಅರ್ಥದ ಟ್ರಿಸ್ಟೆಜಾ ಎಂಬ ಹೆಸರು ಬಂತು. ಸ್ವಂತ ಬೇರಿನ ಮೇಲಿರುವ ಮೂಸಂಬಿಯಾಗಲಿ, ಕಸಿ ಮಾಡದ ಹುಳಿ ಕಿತ್ತಳೆಯಾಗಲಿ ಈ ರೋಗದಿಂದ ಹಾಗೆ ಸಾಯುವುದಿಲ್ಲ. ಸಾಯುವುದು ಇವೆರಡನ್ನೂ ಕೂಡಿಸಿದ ಗಿಡ. ಎರಡೂ ಬೆಸೆದ ಜಾಗವಾದ ಕಸಿಗಂಟಿನ ಕೆಳಗೆ ಆಹಾರ ಸಾಗಿಸುವ ಅಂಗಾಂಶ ನಾಶವಾಗುವುದರಿಂದ ಎಲೆಗಳು ತಯಾರಿಸಿದ ಆಹಾರ ಕೆಳಗಿಳಿಯದೆ ಬೇರು ಉಪವಾಸ ಬೀಳುತ್ತದೆ. ಸೊರಗುತ್ತಿರುವ ಮರದ ಕಸಿಗಂಟಿನ ಕೆಳಗಿನ ತೊಗಟೆಯ ಒಂದು ತುಂಡನ್ನು ಎಬ್ಬಿಸಿ ಒಳಮೈ ನೋಡಿದರೆ, ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಕುಳಿಗಳು ಒತ್ತಾಗಿ ಕಾಣಿಸುವುದುಂಟು.

ಟ್ರಿಸ್ಟೆಜಾ ಇರುವ ಕಡೆ ಮೂಸಂಬಿಗೆ ರಂಗಪುರ ನಿಂಬೆಯನ್ನು ಬೇರುಸಸಿಯಾಗಿ ಬಳಸಬಹುದು. ಅದು ಈ ವೈರಸ್ಸನ್ನೂ ನೀರಿನ ಕೊರತೆಯನ್ನೂ ತಾಳಿಕೊಳ್ಳುತ್ತದೆಯಾದರೂ, ನೀರು ನಿಲ್ಲುವ ಜಿಗುಟು ಮಣ್ಣಿನಲ್ಲಿ ಬುಡ ಕೊಳೆತಕ್ಕೆ ಸುಲಭವಾಗಿ ತುತ್ತಾಗುತ್ತದೆ. ಅಂಥ ಮಣ್ಣಿಗೆ ಟ್ರೈಫೋಲಿಯೇಟ್ ಕಿತ್ತಳೆ ಹೆಚ್ಚು ಸುರಕ್ಷಿತ, ಆದರೆ ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಅದಕ್ಕೆ ಕಬ್ಬಿಣದ ಕೊರತೆ ಕಾಡಿ ಎಲೆ ಹಳದಿಯಾಗುತ್ತದೆ. ಎಲ್ಲ ಕಡೆಗೂ ಒಗ್ಗುವ ಬೇರುಸಸಿ ಇಲ್ಲದಿರುವುದರಿಂದ ಮಣ್ಣು ಪರೀಕ್ಷೆಯ ವರದಿ ಕೈಯಲ್ಲಿಟ್ಟುಕೊಂಡೇ ಬೀಜ ಆರಿಸಬೇಕು.

ಬಿತ್ತಿದ ಸಸಿಗಳೆಲ್ಲ ಒಂದೇ ತರಹ ಇರುವುದಿಲ್ಲ. ಈ ಜಾತಿಗಳ ಬೀಜದಲ್ಲಿ ತಾಯಿಮರದ ಅಂಗಾಂಶದಿಂದಲೇ ಹುಟ್ಟುವ ಭ್ರೂಣಗಳು ಹೆಚ್ಚಾಗಿರುವುದರಿಂದ ಬಹುತೇಕ ಸಸಿಗಳು ತಾಯಿಯ ಪಡಿಯಚ್ಚಾಗಿರುತ್ತವೆ. ನಡುವೆ ತೀರಾ ಕುಳ್ಳಗೆ, ತೀರಾ ಎತ್ತರಕ್ಕೆ ಅಥವಾ ಬೇರೆ ಆಕಾರದ ಎಲೆಯೊಂದಿಗೆ ಬೆಳೆದವನ್ನು ನಿರ್ದಾಕ್ಷಿಣ್ಯವಾಗಿ ಕಿತ್ತುಹಾಕಬೇಕು.

ಕಾಂಡ ಪೆನ್ಸಿಲ್ ಗಾತ್ರಕ್ಕೆ ಬಂದಾಗ ಸಸಿ ಕಸಿಗೆ ಸಿದ್ಧ. ಚಾಕುವಿನ ತುದಿಯಿಂದ ಎತ್ತಿದರೆ ತೊಗಟೆ ಸಲೀಸಾಗಿ ಬಿಡಬೇಕು. ಹರಿದು ನಾರುನಾರಾಗಿ ಬಂದರೆ ಚೆನ್ನಾಗಿ ನೀರುಣಿಸಿ ಹೊಸ ಚಿಗುರು ಬರುವವರೆಗೆ ಕಾಯಬೇಕು. ಹಲವು ಕಣ್ಣುಗಳುಳ್ಳ ಕಡ್ಡಿಯನ್ನು ಬೇರುಸಸಿಯ ಸೀಳಿನಲ್ಲಿ ಕೂರಿಸುವ ಕಡ್ಡಿ ಕಸಿಗೆ ತೊಗಟೆ ಹೀಗೆ ಬಿಡಬೇಕೆಂದಿಲ್ಲ, ಒಂದೇ ಕಣ್ಣನ್ನು, ಅಂದರೆ ಚಿಗುರೊಡೆಯುವ ಮೊಗ್ಗನ್ನು, ತೊಗಟೆಯಡಿ ಸೇರಿಸುವ ಟಿ ಆಕಾರದ ಕಣ್ಣು ಕಸಿಗೆ ಮಾತ್ರ ಇದು ಬೇಕೇ ಬೇಕು.

ಕಣ್ಣಿನ ಕಡ್ಡಿಯನ್ನು ರೋಗಮುಕ್ತವೆಂದು ಪರೀಕ್ಷೆಯಲ್ಲಿ ಖಚಿತವಾದ ಮರದಿಂದಲೇ ತೆಗೆಯಬೇಕು. ರಂಗಪುರ ನಿಂಬೆಗೂ ಟ್ರೈಫೋಲಿಯೇಟ್ ಕಿತ್ತಳೆಗೂ ಎಕ್ಸೊಕಾರ್ಟಿಸ್ ಎಂಬ ರೋಗ ತಗುಲಿದರೆ ಬುಡದ ತೊಗಟೆ ಸುಲಿದು ಮರ ಗಿಡ್ಡಾಗುತ್ತದೆ. ಮೂಸಂಬಿ ಮರ ನೋಡಲು ಆರೋಗ್ಯವಾಗಿದ್ದರೂ ಅದರ ಕಣ್ಣಿನಲ್ಲಿ ಈ ರೋಗ ಅಡಗಿರಬಹುದು. ಚಾಕುವಿನ ಮೂಲಕವೂ ಅದು ಹರಡುವುದರಿಂದ ಮರದಿಂದ ಮರಕ್ಕೆ ಹೋಗುವಾಗ ಅಲಗನ್ನು ಬ್ಲೀಚ್ ದ್ರಾವಣದಲ್ಲಿ ಅದ್ದಬೇಕು. ಕತ್ತರಿಸಿದ ಕಡ್ಡಿಯ ಎಲೆಗಳನ್ನು ತೆಗೆದು ತೊಟ್ಟುಗಳನ್ನು ಮಾತ್ರ ಉಳಿಸಬೇಕು.

ಈಗ ಬೇರುಸಸಿಯ ಕಾಂಡದಲ್ಲಿ ನೆಲದಿಂದ ಸುಮಾರು 20 ಸೆಂ.ಮೀ. ಎತ್ತರದಲ್ಲಿ, ಒಳಗಿನ ಕಟ್ಟಿಗೆಯನ್ನು ಕೊರೆಯದೆ ತೊಗಟೆಯಷ್ಟೇ ಸೀಳುವಂತೆ, 3 ಸೆಂ.ಮೀ. ಉದ್ದದ ನೇರ ಗೀರು ಹಾಕಿ ಅದರ ಮೇಲ್ತುದಿಯಲ್ಲಿ ಅಡ್ಡ ಗೀರು ಎಳೆಯಬೇಕು. ಮಳೆ ಹೆಚ್ಚಿರುವಲ್ಲಿ ಅಡ್ಡ ಗೀರನ್ನು ಕೆಳತುದಿಯಲ್ಲಿ ಹಾಕಿದರೆ ನೀರು ಒಳಗಿಳಿಯುವುದಿಲ್ಲ. ಕಡ್ಡಿಯಿಂದ 2 ಸೆಂ.ಮೀ.ಗಿಂತ ತುಸು ಉದ್ದದ, ಗುರಾಣಿಯಾಕಾರದ ತೊಗಟೆಯನ್ನು ಕಣ್ಣಿನ ಸಮೇತ ಒಂದೇ ಎಳೆತಕ್ಕೆ ಕೊಯ್ದು, ತೊಟ್ಟನ್ನು ಹಿಡಿದು ಗೀರಿನೊಳಗೆ ಜಾರಿಸಬೇಕು. ಕೊಯ್ದ ಮೈಯನ್ನು ಬೆರಳಿನಿಂದ ಮುಟ್ಟಬಾರದು, ಗಾಳಿಗೆ ಒಣಗಲೂ ಬಿಡಬಾರದು. ಕಣ್ಣು ಮೇಲ್ಮುಖವಾಗಿದೆಯೇ ಎಂದು ನೋಡಿಕೊಂಡು ಪಾಲಿಥೀನ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ತೊಟ್ಟನ್ನು ಮಾತ್ರ ಹೊರಗೆ ಬಿಡಬೇಕು.

ಎರಡು ಮೂರು ವಾರಗಳ ಬಳಿಕ ಆ ತೊಟ್ಟನ್ನು ಮೆಲ್ಲಗೆ ಮುಟ್ಟಿ ನೋಡಿ. ಹಳದಿಯಾದ ತೊಟ್ಟು ತಾಕಿದೊಡನೆ ಉದುರಿ ಕೆಳಗಿನ ಕಣ್ಣು ಹಸಿರಾಗಿದ್ದರೆ ಕಸಿ ಹಿಡಿದಿದೆ ಎಂದರ್ಥ. ಸುಕ್ಕುಗಟ್ಟಿ ಕಂದಾಗಿ ಅಂಟಿಕೊಂಡೇ ಇದ್ದರೆ ಕಣ್ಣು ಸತ್ತಿದೆ. ಕಾಂಡದ ಇನ್ನೊಂದು ಬದಿಯಲ್ಲಿ ಮತ್ತೊಮ್ಮೆ ಕಸಿ ಮಾಡಬಹುದು.

ಕಸಿ ಹಿಡಿದ ಮೇಲೆ ಪಟ್ಟಿ ಬಿಚ್ಚಿ, ಕಣ್ಣಿನಿಂದ ಒಂದು ಗೇಣು ಮೇಲೆ ಬೇರುಸಸಿಯ ಕಾಂಡವನ್ನು ಅರ್ಧಕ್ಕೆ ಕೊಯ್ದು ಬಗ್ಗಿಸಬೇಕು. ಹೀಗೆ ಮಾಡಿದರೆ ಕಣ್ಣು ಚಿಗುರುತ್ತದೆ, ಬಗ್ಗಿದ ತಲೆಯ ಎಲೆಗಳು ಬೇರಿಗೆ ಆಹಾರ ಒದಗಿಸುತ್ತಲೇ ಇರುತ್ತವೆ. ಚಿಗುರು ಬಲಿತ ನಂತರ ಆ ತಲೆಯನ್ನು ಪೂರ್ತಿ ತೆಗೆಯಬೇಕು. ಕಸಿಗಂಟಿನ ಕೆಳಗೆ ಹೊರಡುವ ಚಿಗುರುಗಳನ್ನು ಎಳೆಯದಾಗಿರುವಾಗಲೇ ಮುರಿಯಬೇಕು. ಟ್ರೈಫೋಲಿಯೇಟ್ ಆದರೆ ಮೂರು ಮೂರು ಎಲೆಗಳಿಂದ ಅವನ್ನು ಥಟ್ಟನೆ ಗುರುತಿಸಬಹುದು. ತೋಟದಲ್ಲಿ ನೆಡುವಾಗ ಕಸಿಗಂಟು ಮಣ್ಣಿನಿಂದ ಸಾಕಷ್ಟು ಮೇಲಿರಬೇಕು. ಗಂಟು ಮಣ್ಣಿನಡಿ ಹೂತುಹೋದರೆ ಕೊಳೆತಕ್ಕೆ ಬೇಗ ತುತ್ತಾಗುವ ಮೂಸಂಬಿಯ ತೊಗಟೆಯೇ ಒದ್ದೆ ಮಣ್ಣಿಗೆ ತಾಗುತ್ತದೆ, ಆಗ ಆರಿಸಿ ತಂದ ಬೇರುಸಸಿಯ ರೋಗನಿರೋಧಕ ಗುಣ ಕೆಲಸಕ್ಕೆ ಬರುವುದಿಲ್ಲ.